ಹಾಗೇ ಮುಂದಕ್ಕೆ ಕಳಿಸಬಹುದಾದ ಮೇಲ್

ಪ್ರಶ್ನೆ: ನಾನು ಗದಗ ಜಿಲ್ಲೆಯವಳು. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್ ಕೊನೆಯ ವರ್ಷದಲ್ಲಿದ್ದೇನೆ. ಫೆಬ್ರವರಿ 2ರಿಂದ ನಮಗೆ ಇಂಟರ್ನ್‌ಶಿಪ್ ಕಡ್ಡಾಯ. 16 ವಾರ ಮಾಡಬೇಕು, ಜಾಗ ನೀವೇ ಹುಡುಕಿಕೊಳ್ಳಿ ಎಂದು ಕಾಲೇಜಿನಲ್ಲಿ ಹೇಳಿದ್ದಾರೆ. ಸೀನಿಯರ್ ಒಬ್ಬರು ಬೆಂಗಳೂರಿನ ಕಂಪನಿಗಳ ಎಚ್‌ಆರ್‌ ವಿಳಾಸಗಳ ಪಟ್ಟಿ ಕೊಟ್ಟಿದ್ದರು. ಎಲ್ಲರಿಗೂ ಒಂದೇ ಸಲ ಮೇಲ್ ಹಾಕಿದೆ. ಕೆಲವು ವಾಪಸ್ ಬಂದವು, ಉಳಿದವರಿಂದ ಮೂರು ವಾರವಾದರೂ ಉತ್ತರವಿಲ್ಲ. ನಾನು ಬರೆದದ್ದು ಇಷ್ಟು: “ಗೌರವಾನ್ವಿತ ಸರ್/ಮೇಡಂ, ನಾನು ಕೊನೆಯ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಶ್ರಮಪಟ್ಟು ಕೆಲಸ ಮಾಡುವವಳು, ಬೇಗ ಕಲಿಯುವವಳು. ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್ ಅವಕಾಶವಿದ್ದರೆ ದಯವಿಟ್ಟು ತಿಳಿಸಿ. ರೆಸ್ಯೂಮೆ ಲಗತ್ತಿಸಿದ್ದೇನೆ.” ಹೇಳಿಕೊಳ್ಳುವಂಥ ಪ್ರಾಜೆಕ್ಟೂ ಇಲ್ಲ. ಅಪ್ಪಾಜಿಯ ಬೋರ್‌ವೆಲ್ ಪಂಪಿಗೆ, ಮೋಟರ್ ಕರೆಂಟ್ ಅಳೆದು, ನೀರು ನಿಂತರೆ ಮೋಟರ್ ಆಫ್ ಆಗುವಂತೆ ಒಂದು ಸರ್ಕ್ಯೂಟ್ ಮಾಡಿದ್ದೆ, ಅಷ್ಟೇ. ಅದೂ ಮೊದಮೊದಲು ಕಾಂಟ್ಯಾಕ್ಟರ್ ಬಿಟ್ಟಾಗೆಲ್ಲ ರೀಸೆಟ್ ಆಗುತ್ತಿತ್ತು. ಸ್ನಬ್ಬರ್ ಹಾಕಿ, ಸಪ್ಲೈ ಬೇರೆ ಮಾಡಿದ ಮೇಲೆ ಸರಿಹೋಯಿತು. ಗೆಳತಿಯರು ದುಡ್ಡು ಕಟ್ಟಿ ಸರ್ಟಿಫಿಕೇಟ್ ಕೊಡುವ ಕಡೆ ಸೇರುತ್ತಿದ್ದಾರೆ. ಕಾಕಾ ಅವರ ಪರಿಚಯದವರು ಒಂದು ಕಂಪನಿಯಲ್ಲಿದ್ದಾರೆ, ಅವರ ಕಡೆಯಿಂದ ಹೇಳಿಸೋಣ ಎನ್ನುತ್ತಾರೆ ಅಪ್ಪಾಜಿ. ನನ್ನ ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೇ. ಏನು ಮಾಡಲಿ?

ಉತ್ತರ: ನಿಮ್ಮ ಮೇಲಿಗೆ ಉತ್ತರ ಬಾರದಿರುವುದಕ್ಕೆ ನಿಮ್ಮ ಇಂಗ್ಲಿಷ್ ಕಾರಣವಲ್ಲ, ಊರೂ ಕಾಲೇಜೂ ಕಾರಣವಲ್ಲ. ಆ ಮೇಲ್ ಹಿಡಿದುಕೊಂಡು ಕಂಪನಿಯೊಳಗೆ ಯಾರೂ ಏನೂ ಮಾಡುವ ಹಾಗಿರಲಿಲ್ಲ. ಅದು ಹೇಗೆ ಎಂದು ತಿಳಿಯಬೇಕಾದರೆ ಮೇಲ್ ತಲುಪಿದ ಕಡೆ ಏನಾಗುತ್ತದೆ ಎಂದು ನೋಡಬೇಕು.

ಎಚ್‌ಆರ್‌ ಕೈಯಲ್ಲಿ ಜಾಗಗಳಿರುತ್ತವೆ, ಮನಸ್ಸು ಮಾಡಿದರೆ ಕೊಡುತ್ತಾರೆ ಎಂದು ಬಹಳ ವಿದ್ಯಾರ್ಥಿಗಳು ತಿಳಿದಿರುತ್ತಾರೆ. ಆದರೆ ಇಂಟರ್ನ್ ಬೇಕೋ ಬೇಡವೋ ಎಂದು ಹೇಳುವವರು ಕೆಲಸ ಮಾಡಿಸುವ ತಂಡದ ಮುಖ್ಯಸ್ಥರು. ಬಂದ ಹುಡುಗಿಗೆ ಯಾವ ಕೆಲಸ ಕೊಡುವುದು, ಯಾರ ಪಕ್ಕ ಕೂರಿಸುವುದು, ಯಾರ ಸಮಯ ಅವಳಿಗಾಗಿ ಹೋಗುತ್ತದೆ ಎಂದು ಲೆಕ್ಕ ಹಾಕಬೇಕಾದವರು ಅವರು. ನೇಮಕಾತಿಯವರು ನಿಮ್ಮ ಮೇಲನ್ನು ಅವರಿಗೆ ದಾಟಿಸುತ್ತಾರೆ. ಮೇಲೆ ಒಂದು ಸಾಲು ಸೇರಿಸುತ್ತಾರೆ: “ಇವರನ್ನು ನೋಡಿ, ನಿಮ್ಮಲ್ಲಿ ಅವಕಾಶ ಇದೆಯೇ?” ಅದರ ಕೆಳಗೆ ನೀವು ಬರೆದದ್ದು ಬರೆದ ಹಾಗೇ ಇರುತ್ತದೆ.

ಆ ಮುಖ್ಯಸ್ಥರ ಕುರ್ಚಿಯಲ್ಲಿ ಕೂತು ನಿಮ್ಮ ಮೇಲನ್ನು ಓದಿ. ಯಾವಾಗಿನಿಂದ ಬರುತ್ತಾಳೆ? ಎಷ್ಟು ದಿನ ಇರುತ್ತಾಳೆ? ವಾರಕ್ಕೆ ಐದು ದಿನವೋ, ಕ್ಲಾಸು ಮುಗಿಸಿಕೊಂಡು ಎರಡು ದಿನವೋ? ಬೆಂಗಳೂರಿಗೆ ಬಂದು ಉಳಿಯುತ್ತಾಳೋ, ಮನೆಯಿಂದಲೇ ಮಾಡುತ್ತೇನೆ ಎನ್ನುತ್ತಾಳೋ? ಕಾಲೇಜು ಒಪ್ಪಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಕೈಯಿಂದ ಏನು ಮಾಡಿದ್ದಾಳೆ? ಒಂದಕ್ಕೂ ಮೇಲಿನಲ್ಲಿ ಉತ್ತರವಿಲ್ಲ. ಇವನ್ನೆಲ್ಲ ಕೇಳಿ ನೇಮಕಾತಿಯವರು ನಿಮಗೆ ಮರಳಿ ಬರೆಯಬೇಕು. ದಿನಕ್ಕೆ ಇಂಥ ಹತ್ತಾರು ಮೇಲ್ ಬರುವಾಗ ಯಾರೂ ಆ ಶ್ರಮ ತೆಗೆದುಕೊಳ್ಳುವುದಿಲ್ಲ. ನಾನು ನೇಮಕಾತಿ ವಿಭಾಗದಲ್ಲಿದ್ದಾಗ ಒಳ್ಳೆಯ ಮಕ್ಕಳ ಎಷ್ಟೋ ಮೇಲ್‌ಗಳು ಹೀಗೇ ಕೆಳಗೆ ಸರಿದುಹೋಗುವುದನ್ನು ಕಂಡಿದ್ದೇನೆ. ಇವತ್ತಿಗೂ ಅದು ನನಗೆ ಸಂಕಟದ ವಿಷಯ. “ಶ್ರಮಪಟ್ಟು ಕೆಲಸ ಮಾಡುವವಳು” ಎಂಬ ಮಾತು ನಿಮ್ಮ ಮಟ್ಟಿಗೆ ನಿಜವೇ ಇರಬಹುದು, ಆದರೆ ಎಲ್ಲ ಮೇಲ್‌ಗಳಲ್ಲೂ ಇರುವ ಮಾತು ಅದು. ಓದುವ ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ.

ಇನ್ನು ಪ್ರಾಜೆಕ್ಟೇ ಇಲ್ಲ ಎಂದಿದ್ದೀರಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪಂಪಿನ ಸಾಲುಗಳೇ. ನೀರಿಲ್ಲದೆ ಓಡುವ ಪಂಪಿನಲ್ಲಿ ಮೋಟರ್ ಎಳೆಯುವ ಕರೆಂಟ್ ಇಳಿಯುತ್ತದೆ. ಅದನ್ನು ಅಳೆದು ಮೋಟರ್ ನಿಲ್ಲಿಸುವ ಸಾಧನ ಮಾಡಿದ್ದೀರಿ. ಕಾಂಟ್ಯಾಕ್ಟರ್ ಬಿಡುವಾಗ ಅದರ ಕಾಯಿಲ್‌ನಿಂದ ಹೊಮ್ಮುವ ವೋಲ್ಟೇಜಿನ ಹೊಡೆತಕ್ಕೆ ನಿಮ್ಮ ಚಿಪ್ ರೀಸೆಟ್ ಆಗುತ್ತಿತ್ತು. ಕಾರಣ ಹುಡುಕಿದಿರಿ, ಸ್ನಬ್ಬರ್ ಹಾಕಿದಿರಿ, ಸಪ್ಲೈ ಬೇರೆ ಮಾಡಿದಿರಿ. ಲ್ಯಾಬಿನ ಮೇಜಿನ ಮೇಲೆ ಎಲ್‌ಇಡಿ ಮಿನುಗಿಸಿದವರಿಗೆ ಈ ತೊಂದರೆ ಎದುರಾಗುವುದೇ ಇಲ್ಲ. ನಿಜವಾದ ಮೋಟರ್, ನಿಜವಾದ ಸ್ಟಾರ್ಟರ್ ಜೊತೆ ಕೆಲಸ ಮಾಡಿದವರಿಗೆ ಮಾತ್ರ ಬರುವ ಅನುಭವ ಅದು. ಮೋಟರ್ ಕಂಟ್ರೋಲರ್, ಎನರ್ಜಿ ಮೀಟರ್, ಪಂಪ್ ಪ್ಯಾನೆಲ್ ಮಾಡುವ ಕಂಪನಿಯ ಎಂಜಿನಿಯರ್ ಇದನ್ನು ಓದಿದರೆ ನಿಮ್ಮನ್ನು ಕರೆದು ಎರಡು ಪ್ರಶ್ನೆಯಾದರೂ ಕೇಳಬೇಕು ಅನಿಸುತ್ತದೆ. ನೀವೋ ಅದನ್ನು ಮೇಲಿನಲ್ಲಿ ಎತ್ತಲೇ ಇಲ್ಲ.

ಹಾಗಾಗಿ ಮೊದಲ ಕೆಲಸ ಕಂಪನಿಗಳನ್ನು ಆರಿಸುವುದು. ಸೀನಿಯರ್ ಕೊಟ್ಟ ಪಟ್ಟಿಯನ್ನು ಪಕ್ಕಕ್ಕಿಡಿ. ವಾಪಸ್ ಬಂದ ಮೇಲ್‌ಗಳು ಆ ವಿಳಾಸಗಳೇ ಈಗ ಇಲ್ಲ ಎಂದು ಹೇಳುತ್ತಿವೆ. ನೇಮಕಾತಿಯವರು ಕಂಪನಿ ಬದಲಿಸುತ್ತಲೇ ಇರುತ್ತಾರೆ. ಎಲ್ಲರನ್ನೂ ಒಂದೇ ಮೇಲಿನಲ್ಲಿ ಹಾಕಿದ್ದರಿಂದ ಇನ್ನೊಂದು ತೊಂದರೆ ಇದೆ. ಪ್ರತಿಯೊಬ್ಬರಿಗೂ ಉಳಿದವರ ವಿಳಾಸ ಕಾಣುತ್ತದೆ, ಬೇರೆ ಯಾರಾದರೂ ಉತ್ತರ ಕೊಡುತ್ತಾರೆ ಬಿಡು ಎಂದು ಎಲ್ಲರೂ ಬಿಡುತ್ತಾರೆ. ಎಲ್ಲರನ್ನೂ ಬಿಸಿಸಿಯಲ್ಲಿ ಅಡಗಿಸಿದರೂ ಲಾಭವಿಲ್ಲ. ಯಾರ ಹೆಸರೂ ಇಲ್ಲದ ಮೇಲ್ ಯಾರಿಗೂ ಬರೆದದ್ದಲ್ಲ ಎಂದು ಓದುವವರಿಗೆ ಗೊತ್ತಾಗುತ್ತದೆ.

ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರದ ಕಡೆಯೇ ಹುಡುಕಬೇಕೆಂದೇನಿಲ್ಲ. ಹುಬ್ಬಳ್ಳಿ, ಬೆಳಗಾವಿಯಲ್ಲೂ ಕೈಗಾರಿಕಾ ಪ್ರದೇಶಗಳಿವೆ, ನಿಮಗೆ ಹತ್ತಿರವೂ ಹೌದು. ನಿಮ್ಮ ಪಂಪಿನ ಕೆಲಸಕ್ಕೆ ನಂಟಿರುವ ಎಂಟು-ಹತ್ತು ಕಂಪನಿ ಆರಿಸಿ, ಒಂದೊಂದಕ್ಕೆ ಒಂದೊಂದು ಮೇಲ್ ಬರೆಯಿರಿ. ಕಂಪನಿಯ ವೆಬ್‌ಸೈಟಿನಲ್ಲಿ ಅವರು ಏನೇನು ಮಾಡುತ್ತಾರೆ ಎಂಬ ಪುಟವನ್ನು ಓದಿ, ನಿಮಗೆ ಅರ್ಥವಾದ ಒಂದು ಉತ್ಪನ್ನದ ಹೆಸರು ಗುರುತು ಹಾಕಿಕೊಳ್ಳಿ. ನೇಮಕಾತಿ ನೋಡುವವರ ಹೆಸರು ಲಿಂಕ್ಡ್‌ಇನ್‌ನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಐವತ್ತು-ಅರವತ್ತು ಜನರ ಸಣ್ಣ ಕಂಪನಿಯಾದರೆ ನೇಮಕಾತಿಗೆಂದೇ ಪ್ರತ್ಯೇಕ ಜನ ಇರದಿರಬಹುದು. ಅಲ್ಲಿ ವಿನ್ಯಾಸ ವಿಭಾಗದ ಮುಖ್ಯಸ್ಥರಿಗೇ ನೇರವಾಗಿ ಬರೆಯಬಹುದು.

ದೊಡ್ಡ ಕಂಪನಿಗಳ ವಿಷಯ ಬೇರೆ. ಅಲ್ಲಿ ಅರ್ಜಿ ಅವರ ಪೋರ್ಟಲ್ ಮೂಲಕವೇ ಬರಬೇಕು ಎಂಬ ನಿಯಮ ಇರುತ್ತದೆ. ಮೇಲಿನಲ್ಲಿ ಬಂದ ರೆಸ್ಯೂಮೆಯನ್ನು ನೇಮಕಾತಿಯವರು ಇಷ್ಟಪಟ್ಟರೂ ಮುಂದೆ ಒಯ್ಯಲಾರರು. ಅಂಥ ಕಡೆ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆಮೇಲೆ ಬರೆಯುವ ಮೇಲಿನಲ್ಲಿ ಆ ಹುದ್ದೆಯ ಸಂಖ್ಯೆಯನ್ನೂ ಅರ್ಜಿಯ ಸಂಖ್ಯೆಯನ್ನೂ ಕೊಡಿ. ಸಂಖ್ಯೆ ಇದ್ದರೆ ಅವರು ನಿಮ್ಮ ಅರ್ಜಿಯನ್ನು ಅರ್ಧ ನಿಮಿಷದಲ್ಲಿ ತೆಗೆದು ನೋಡಬಹುದು.

ಈಗ ಮೇಲ್. ಪಂಪಿನ ಕಂಟ್ರೋಲ್ ಪ್ಯಾನೆಲ್ ಮಾಡುವ ಒಂದು ಮಧ್ಯಮ ಗಾತ್ರದ ಕಂಪನಿಗೆ ನೀವು ಬರೆಯುತ್ತಿದ್ದೀರಿ ಎಂದುಕೊಳ್ಳೋಣ. ನೀವು ಕಳಿಸುವುದು ಇಂಗ್ಲಿಷಿನಲ್ಲೇ ಇರುತ್ತದೆ. ಮಾತು ಹೇಗೆ ಸಾಗಬೇಕು ಎಂಬುದು ಸ್ಪಷ್ಟವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಷಯ: ಇಂಟರ್ನ್‌ಶಿಪ್ ಫೆಬ್ರವರಿ–ಮೇ, ಇಸಿ ಕೊನೆಯ ವರ್ಷ, ಮೋಟರ್ ಕರೆಂಟ್ ಅಳತೆ, ಎಂಬೆಡೆಡ್ ಸಿ

“ನಮಸ್ಕಾರ (ಅವರ ಹೆಸರು) ಅವರಿಗೆ,

ನಾನು ಗದಗ ಜಿಲ್ಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕೊನೆಯ ವರ್ಷ ಓದುತ್ತಿದ್ದೇನೆ. ಫೆಬ್ರವರಿ 2ರಿಂದ ಮೇ 22ರವರೆಗೆ, 16 ವಾರ, ವಾರಕ್ಕೆ ಐದು ದಿನ ಪೂರ್ಣ ಸಮಯದ ಇಂಟರ್ನ್‌ಶಿಪ್ ಹುಡುಕುತ್ತಿದ್ದೇನೆ. ನಿಮ್ಮ ಎಂಬೆಡೆಡ್ ಅಥವಾ ಟೆಸ್ಟಿಂಗ್ ತಂಡದಲ್ಲಿ ಈ ಅವಧಿಗೆ ಅವಕಾಶ ಇದೆಯೇ?

ನಮ್ಮ ಹೊಲದ ಬೋರ್‌ವೆಲ್ ಪಂಪಿಗೆ, ನೀರಿಲ್ಲದೆ ಓಡಿದಾಗ ಮೋಟರ್ ನಿಲ್ಲಿಸುವ ಸಾಧನ ಮಾಡಿದ್ದೇನೆ. ಕರೆಂಟ್ ಟ್ರಾನ್ಸ್‌ಫಾರ್ಮರಿನಿಂದ ಮೋಟರ್ ಕರೆಂಟ್ ಅಳೆಯುತ್ತದೆ. ಕರೆಂಟ್ ಇಳಿದು ಕೆಲವು ಸೆಕೆಂಡ್ ಹಾಗೇ ಇದ್ದರೆ ಸ್ಟಾರ್ಟರ್ ಬಿಡಿಸುತ್ತದೆ. ಮೊದಲು ಕಾಂಟ್ಯಾಕ್ಟರ್ ಬಿಟ್ಟಾಗೆಲ್ಲ ಕಂಟ್ರೋಲರ್ ರೀಸೆಟ್ ಆಗುತ್ತಿತ್ತು. ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ ಹಾಕಿ, ಸಪ್ಲೈ ಬೇರೆ ಮಾಡಿದ ಮೇಲೆ ನಿಂತಿತು. ಈಗ ಹೊಲದಲ್ಲಿ ಕೆಲಸ ಮಾಡುತ್ತಿದೆ. ನಿಮ್ಮ ಪಂಪ್ ಪ್ಯಾನೆಲ್‌ಗಳಲ್ಲೂ ಇದೇ ರಕ್ಷಣೆ ಇರುವುದನ್ನು ನೋಡಿ ಬರೆಯುತ್ತಿದ್ದೇನೆ.

ಈ ಇಂಟರ್ನ್‌ಶಿಪ್ ನಮ್ಮ ಕೋರ್ಸಿನ ಭಾಗ. ಕಾಲೇಜಿನ ಅನುಮತಿ ಪತ್ರ ಕೊಡಬಲ್ಲೆ. ನಿಮ್ಮ ಘಟಕ ಇರುವ ಊರಿಗೆ ಬಂದು ಉಳಿಯುತ್ತೇನೆ. ಒಂದು ಪುಟದ ರೆಸ್ಯೂಮೆ ಲಗತ್ತಿಸಿದ್ದೇನೆ.”

ಕೆಳಗೆ ಹೆಸರು, ಕಾಲೇಜು, ಫೋನ್ ನಂಬರ್. ಇಷ್ಟು ಸಾಕು. ಫೋನಿನ ಪರದೆಯಲ್ಲಿ ಒಂದೆರಡು ಸಲ ಸರಿಸಿದರೆ ಮುಗಿಯಬೇಕು.

ವಿಷಯದ ಸಾಲಿನಲ್ಲಿ ತಿಂಗಳನ್ನು ಮೊದಲಿಗೇ ಹಾಕಿದ್ದು ಬೇಕೆಂದೇ. ಮೊಬೈಲಿನಲ್ಲಿ ಆ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುತ್ತವೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಡಿಸೆಂಬರಿನಲ್ಲಿ ಒಬ್ಬ ಮುಖ್ಯಸ್ಥರು “ಮೋಟರ್ ಗೊತ್ತಿರುವ ಇಂಟರ್ನ್ ಇದ್ದರೆ ಹೇಳಿ” ಎಂದಾಗ, ನೇಮಕಾತಿಯವರು ತಮ್ಮ ಮೇಲ್‌ಪೆಟ್ಟಿಗೆಯಲ್ಲಿ ಆ ಪದ ಹಾಕಿ ಹುಡುಕುತ್ತಾರೆ. ನಿಮ್ಮ ಮೇಲಿನಲ್ಲಿ ಆ ಪದ ಇದ್ದರೆ ಮೂರು ವಾರದ ಹಿಂದಿನದಾದರೂ ಎದ್ದು ಬರುತ್ತದೆ. “ಇಂಟರ್ನ್‌ಶಿಪ್‌ಗಾಗಿ ವಿನಂತಿ” ಎಂದು ಮಾತ್ರ ಬರೆದದ್ದು ನೂರರ ನಡುವೆ ಕೂತಿರುತ್ತದೆ.

ಪಂಪಿನ ಪ್ಯಾರಾದಲ್ಲಿ ಕೆಟ್ಟದ್ದನ್ನೂ ಸರಿಮಾಡಿದ್ದನ್ನೂ ಎರಡನ್ನೂ ಬರೆದಿದ್ದೇನೆ. ಅದರಲ್ಲಿ ಒಂದಕ್ಷರ ಕೂಡ ಹೆಚ್ಚು ಮಾಡಬೇಡಿ. ಅಳತೆ ಎಷ್ಟು ನಿಖರ, ಎಷ್ಟು ಸೆಕೆಂಡ್ ಕಾಯುತ್ತದೆ, ಯಾಕೆ ಅಷ್ಟೇ ಸೆಕೆಂಡ್ ಎಂದು ಅವರು ಕೇಳಿಯೇ ಕೇಳುತ್ತಾರೆ. ಪಂಪು ಶುರುವಾಗುವಾಗ ಕರೆಂಟ್ ಏರಿಳಿಯುತ್ತದೆ, ಅದಕ್ಕೇ ಕಾಯಿಸಿದ್ದೇನೆ ಎಂದು ನೀವು ಹೇಳಬಲ್ಲಿರಾದರೆ ಸಂದರ್ಶನ ಅರ್ಧ ಆದಂತೆ. ಸಹಪಾಠಿ ಯಾರಾದರೂ ಜೊತೆಗೆ ಮಾಡಿದ್ದರೆ ಯಾವ ಭಾಗ ನಿಮ್ಮದು ಎಂದು ಬರೆಯಿರಿ. ಕ್ರಿಮಿನಾಶಕದ ಡ್ರೋನ್, ಕೃತಕ ಬುದ್ಧಿಮತ್ತೆಯ ಟ್ರಾಫಿಕ್ ಲೈಟ್ ಎಂದು ಕೊಂಡು ತಂದ ಪ್ರಾಜೆಕ್ಟನ್ನು ರೆಸ್ಯೂಮೆಗೆ ಸೇರಿಸಿದ್ದರೆ ತೆಗೆದುಬಿಡಿ. ಎರಡನೇ ಪ್ರಶ್ನೆಗೆ ಅದು ಕೈಕೊಡುತ್ತದೆ, ಆಮೇಲೆ ನಿಮ್ಮ ಪಂಪಿನ ಮಾತನ್ನೂ ಅವರು ನಂಬುವುದಿಲ್ಲ.

ಇಂಗ್ಲಿಷಿನ ಬಗ್ಗೆ ಹೇಳುವುದಾದರೆ, ಮೇಲಿನ ವಾಕ್ಯಗಳೆಲ್ಲ ಚಿಕ್ಕವು. ಒಂದು ವಾಕ್ಯಕ್ಕೆ ಒಂದು ಸಂಗತಿ ಇಟ್ಟುಕೊಂಡರೆ ತಪ್ಪಾಗುವ ಜಾಗವೇ ಕಡಿಮೆ. “ಗೌರವಾನ್ವಿತ”, “ವಿನಮ್ರತೆಯಿಂದ”, “ತಮ್ಮ ಪ್ರತಿಷ್ಠಿತ ಸಂಸ್ಥೆ” ಎಂಬ ಅರ್ಜಿ ಭಾಷೆ ಇಲ್ಲಿ ಬೇಕಿಲ್ಲ. ಹೆಸರು ಸರಿಯಾಗಿ ಬರೆಯುವುದೇ ಗೌರವ. ಕಾಲೇಜಿನಲ್ಲಿ ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಮೇಷ್ಟ್ರಿಗೆ ಒಮ್ಮೆ ತೋರಿಸಿ. ಕಳಿಸುವ ಮುಂಚೆ ಇನ್ನೊಂದನ್ನು ನೋಡಿಕೊಳ್ಳಿ. ಒಂದು ಮೇಲನ್ನು ಇನ್ನೊಂದು ಕಂಪನಿಗೆ ನಕಲು ಮಾಡುವಾಗ ಹಿಂದಿನ ಕಂಪನಿಯ ಹೆಸರು ನಡುವೆ ಎಲ್ಲೋ ಉಳಿದುಬಿಡುತ್ತದೆ. ಆ ಒಂದು ಪದ ಸಾಕು, ಮೇಲ್ ಅಲ್ಲಿಗೇ ಮುಚ್ಚಿಹೋಗುತ್ತದೆ. ಜಿಮೇಲ್‌ನಲ್ಲಿ ಕಳಿಸಿದ್ದನ್ನು ಹಿಂತೆಗೆಯುವ ಅವಧಿಯನ್ನು ಸೆಟ್ಟಿಂಗ್ಸ್‌ನಲ್ಲಿ 30 ಸೆಕೆಂಡಿಗೆ ಏರಿಸಿಡಬಹುದು. ಈಗಲೇ ಏರಿಸಿಟ್ಟುಕೊಳ್ಳಿ.

ರೆಸ್ಯೂಮೆ ಪಿಡಿಎಫ್ ಆಗಿರಲಿ, ಕಡತದ ಹೆಸರಿನಲ್ಲಿ ನಿಮ್ಮ ಹೆಸರೂ ವಿಭಾಗವೂ ಇರಲಿ. `resume_final_new2.pdf` ಎಂಬ ಹೆಸರಿನ ಕಡತ ಅವರ ಕಂಪ್ಯೂಟರಿನಲ್ಲಿ ಇಳಿದ ಮೇಲೆ ಯಾರದ್ದೆಂದು ಗೊತ್ತಾಗುವುದಿಲ್ಲ. ಡ್ರೈವ್ ಲಿಂಕ್ ಕಳಿಸಬೇಡಿ. ಎಲ್ಲರಿಗೂ ತೆರೆದಿಡಲು ನೀವು ಮರೆತಿದ್ದರೆ ಅದನ್ನು ತೆರೆಯಲು ಅವರು ನಿಮ್ಮ ಅನುಮತಿ ಕೇಳಬೇಕಾಗುತ್ತದೆ, ಕೇಳುವುದಿಲ್ಲ.

ಸ್ಟೈಪೆಂಡ್ ಎಷ್ಟು ಎಂದು ಮೊದಲ ಮೇಲಿನಲ್ಲಿ ಕೇಳುವುದು ಬೇಡ. ಹಾಗೆಂದು “ಸಂಬಳವಿಲ್ಲದಿದ್ದರೂ ಪರವಾಗಿಲ್ಲ” ಎಂದೂ ಬರೆಯಬೇಡಿ. ಕೊಡಬೇಕೆಂದಿದ್ದ ಕಡೆಯೂ ನೀವೇ ಕಡಿತ ಮಾಡಿಕೊಟ್ಟ ಹಾಗಾಗುತ್ತದೆ. ಅವರು ಫೋನ್ ಮಾಡಿ ಅವಕಾಶ ಇದೆ ಎಂದ ಮೇಲೆ, ಪಿಜಿ ಬಾಡಿಗೆ, ಊಟ, ಓಡಾಟ ನೋಡಿಕೊಳ್ಳಬೇಕಲ್ಲ, ಸ್ಟೈಪೆಂಡ್ ಹೇಗೆ ಎಂದು ನೇರವಾಗಿ ಕೇಳಿ. ಅದರಲ್ಲಿ ಸಂಕೋಚವೇನಿಲ್ಲ. ಅಪ್ಪಾಜಿಯ ಜೇಬಿನ ಲೆಕ್ಕ ಅದು.

ಕಳಿಸಿದ ಮೇಲೆ ಏಳು ಕೆಲಸದ ದಿನ ಬಿಡಿ. ಆಮೇಲೆ ಅದೇ ಮೇಲಿಗೆ ಉತ್ತರವಾಗಿ, ಹೊಸದಾಗಿ ಶುರುಮಾಡದೆ, ಎರಡು ಸಾಲು ಬರೆಯಿರಿ. ಮೊದಲ ಮೇಲ್ ಕೆಳಗೇ ಇರುವುದರಿಂದ ಅವರು ಹುಡುಕಬೇಕಾಗುವುದಿಲ್ಲ. “ನೋಡಿದಿರಾ?” ಎಂದಷ್ಟೇ ಕೇಳುವುದಕ್ಕಿಂತ ಹೊಸ ಸಂಗತಿ ಒಂದಿರಲಿ: ಕಾಲೇಜಿನ ಅನುಮತಿ ಪತ್ರ ಕೈಗೆ ಬಂದಿದೆ, ಅಥವಾ ಸಾಧನದ ಒಂದು ನಿಮಿಷದ ವಿಡಿಯೊ ಮಾಡಿದ್ದೇನೆ ಎಂದು. ಅದಕ್ಕೂ ಉತ್ತರವಿಲ್ಲದಿದ್ದರೆ ಆ ಕಂಪನಿಯನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ರಜೆಯಲ್ಲಿದ್ದೇನೆ ಎಂಬ ತಾನಾಗಿ ಬರುವ ಉತ್ತರ ಬಂದರೆ ಅಳಿಸಬೇಡಿ, ಪೂರ್ತಿ ಓದಿ. ಆ ಅವಧಿಯಲ್ಲಿ ಯಾರನ್ನು ಸಂಪರ್ಕಿಸಬೇಕು ಎಂದು ಇನ್ನೊಬ್ಬರ ಹೆಸರು ಅದರಲ್ಲಿ ಎಷ್ಟೋ ಸಲ ಇರುತ್ತದೆ. ಸ್ಪ್ಯಾಮ್ ಫೋಲ್ಡರನ್ನು ದಿನಕ್ಕೊಮ್ಮೆ ನೋಡಿ. ಸಂದರ್ಶನದ ಕರೆ ಅಲ್ಲಿ ಬಿದ್ದು, ಹೇಳಿದ ದಿನ ಮುಗಿದ ಮೇಲೆ ಕಣ್ಣಿಗೆ ಬಿದ್ದ ಉದಾಹರಣೆಗಳಿವೆ.

ಕೆಲವರು “ನಮ್ಮಲ್ಲಿ ಎಂಟು ವಾರ ಮಾತ್ರ” ಎಂದು ಉತ್ತರಿಸಬಹುದು. ಆಗಲಿ ಎಂದು ಅವಸರದಲ್ಲಿ ಒಪ್ಪಬೇಡಿ. ನಿಮಗೆ 16 ವಾರದ ಪ್ರಮಾಣಪತ್ರ ಬೇಕು. ಕಾಲೇಜಿನ ಇಂಟರ್ನ್‌ಶಿಪ್ ಸಂಯೋಜಕರ ಹತ್ತಿರ, ಎರಡು ಕಡೆ ಎಂಟೆಂಟು ವಾರ ಮಾಡಿದರೆ ಒಪ್ಪುತ್ತೀರಾ ಎಂದು ಮೊದಲು ಕೇಳಿ, ಅವರ ಉತ್ತರವನ್ನು ಬರಹದಲ್ಲಿ ಇಟ್ಟುಕೊಂಡು ಆಮೇಲೆ ಕಂಪನಿಗೆ ಹೇಳಿ.

ದುಡ್ಡು ಕಟ್ಟುವ ಜಾಗಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ. ಅಲ್ಲಿ ನಡೆಯುವುದು ತರಬೇತಿ, ಕೆಲವು ಕಡೆ ಅದೂ ಇಲ್ಲ. ಮುಂದೆ ಕೆಲಸದ ಸಂದರ್ಶನದಲ್ಲಿ “ಆ 16 ವಾರದಲ್ಲಿ ಏನು ಮಾಡಿದಿರಿ?” ಎಂದರೆ ಹೇಳಲು ಸರ್ಟಿಫಿಕೇಟಿನ ಹೊರತು ಏನೂ ಇರುವುದಿಲ್ಲ. ಇನ್ನೂ ಅಪಾಯದ್ದು ಬೇರೆ ಇದೆ. ನಿಮ್ಮ ಮೇಲಿಗೆ ಒಂದೇ ದಿನದಲ್ಲಿ, ಸಂದರ್ಶನವೇ ಇಲ್ಲದೆ ಆಫರ್ ಲೆಟರ್ ಬಂದು, ನೋಂದಣಿಗೋ ಲ್ಯಾಪ್‌ಟಾಪಿನ ಭದ್ರತಾ ಠೇವಣಿಗೋ ಹಣ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ. ಕಳಿಸಿದವರ ವಿಳಾಸದಲ್ಲಿ ಅಟ್ ಗುರುತಿನ ನಂತರ ಏನಿದೆ ಎಂದು ನಿಧಾನವಾಗಿ ಓದಿ. ಕಂಪನಿಯ ವೆಬ್‌ಸೈಟಿನ ಹೆಸರಿಗೂ ಅದಕ್ಕೂ ಒಂದಕ್ಷರ ವ್ಯತ್ಯಾಸ ಇದ್ದರೂ, ಬರೀ ಜಿಮೇಲ್ ವಿಳಾಸ ಇದ್ದರೂ, ವೆಬ್‌ಸೈಟಿನಲ್ಲಿರುವ ಕಚೇರಿ ನಂಬರಿಗೆ ಫೋನ್ ಮಾಡಿ ವಿಚಾರಿಸದೆ ಆಧಾರ್ ಪ್ರತಿ ಕೂಡ ಕಳಿಸಬೇಡಿ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ಗಂಟೆಗಳು ಕಳೆದಷ್ಟೂ ಹಣ ತಡೆಹಿಡಿಯುವುದು ಕಷ್ಟ. ನಿಮ್ಮ ಗೆಳತಿಯರಿಗೂ ಇದನ್ನು ಹೇಳಿ.

ಇನ್ನು ಅಪ್ಪಾಜಿ ಹೇಳಿದ ದಾರಿ. ಅದನ್ನು ವಶೀಲಿ ಎಂದು ದೂರವಿಡಬೇಕಾಗಿಲ್ಲ. ಎಷ್ಟೋ ಕಂಪನಿಗಳಲ್ಲಿ ನೌಕರರು ತಮಗೆ ಗೊತ್ತಿರುವವರ ಹೆಸರು ಸೂಚಿಸುವ ಪದ್ಧತಿ ಅಧಿಕೃತವಾಗಿಯೇ ಇದೆ. ಆಯ್ಕೆ ಮಾಡುವವರು ಆಮೇಲೂ ತಂಡದವರೇ. ಕಾಕಾ ಅವರ ಪರಿಚಯದವರಿಗೆ ಫೋನಿನಲ್ಲಿ “ನಮ್ಮ ಹುಡುಗಿಗೆ ಏನಾದರೂ ನೋಡಿ” ಎಂದರೆ ಅವರು ಆಗಲಿ ಎನ್ನುತ್ತಾರೆ, ಆಮೇಲೆ ಏನು ಮಾಡಬೇಕೆಂದು ಅವರಿಗೂ ತಿಳಿಯುವುದಿಲ್ಲ. ಅವರನ್ನು ಕೇಳಬೇಕಾದದ್ದು ಒಂದೇ: ಪಂಪು, ಮೋಟರ್, ಮೀಟರ್ ಕೆಲಸ ಮಾಡುವ ತಂಡ ನಿಮ್ಮಲ್ಲಿದೆಯೇ, ಅದನ್ನು ನೋಡಿಕೊಳ್ಳುವವರು ಯಾರು? ಹೆಸರು ಸಿಕ್ಕಿದೊಡನೆ ನಾನು ತೋರಿಸಿದ ಮೇಲನ್ನೇ ಆ ಹೆಸರಿಗೆ ಬರೆದು, ಕಾಕಾ ಅವರ ಪರಿಚಯದವರಿಗೆ ಕಳಿಸಿ, ಆ ತಂಡ ನೋಡಿಕೊಳ್ಳುವವರಿಗೆ ಮುಟ್ಟಿಸಿ ಎಂದು ಕೇಳಿ. ಆದರೆ ಅದಕ್ಕಿಂತ ಮೊದಲು, ನಾಳೆಯೇ, ವಿಭಾಗದ ಮುಖ್ಯಸ್ಥರ ಹತ್ತಿರ ಹೋಗಿ ಫೆಬ್ರವರಿ 2ರಿಂದ ಮೇ 22 ಎಂದು ದಿನಾಂಕ ನಮೂದಿಸಿದ ಅನುಮತಿ ಪತ್ರಕ್ಕೆ ಅರ್ಜಿ ಕೊಡಿ. ಪ್ರಿನ್ಸಿಪಾಲರ ಸಹಿ ಆಗಿ ಅದು ಕೈಗೆ ಬರಲು ಎಷ್ಟೋ ಕಾಲೇಜುಗಳಲ್ಲಿ ವಾರದ ಮೇಲಾಗುತ್ತದೆ, ಕಂಪನಿಯವರು ಕೇಳಿದಾಗ ಒಂದು ವಾರ ಕಾಯುವುದಿಲ್ಲ.